ವಲಿ ಪಾಷಾ ಮತ್ತು ಫೋನಿನ ನೆತ್ತಿಯ ಕೀಲಿಕೈ

ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲೆ ಒಂದು ಕೋಣೆ. ಕೋಣೆಯ ಗೋಡೆಗೆ ಎರಡು ಮೊಳೆಗಳಿವೆ. ಒಂದಕ್ಕೆ ವಲಿ ಪಾಷಾನ ಅಂಗಿ ತೂಗುತ್ತದೆ, ಇನ್ನೊಂದಕ್ಕೆ ಅವನ ಕರಿಯ ಚೀಲ. ಈ ಬರಹ ಆ ಚೀಲದ ಕುರಿತದ್ದು ಎಂದರೂ ತಪ್ಪಾಗದು, ಏಕೆಂದರೆ ಹೋದ ಮಾಘ ಮಾಸದಲ್ಲಿ ಅದು ಅವನ ಕೈ ತಪ್ಪಿ ಹೋಗುವುದರಲ್ಲಿತ್ತು.

ವಲಿ ಪಾಷಾ ಚೀಕಲಪರ್ವಿಯ ಪೀರಾ ಸಾಬರ ಮಗ. ಮಾನ್ವಿಯ ಪ್ರೌಢಶಾಲೆಯಲ್ಲಿ ನನ್ನ ಬಳಿ ಮೂರು ವರ್ಷ ಓದಿದ. ಮಾತು ಕಡಿಮೆ, ಅಂಕಗಳೂ ಹೇಳಿಕೊಳ್ಳುವಷ್ಟಿಲ್ಲ. ಆದರೆ ಒಂದು ಸಲ ಕಬಡ್ಡಿ ಅಂಕಣ ಹಾಕುವಾಗ, ಶಾಲೆಯ ಅಳತೆಪಟ್ಟಿಯಿಂದ ನಾವೆಲ್ಲ ಅಳೆದು ಸುಣ್ಣ ಎಳೆದಾದ ಮೇಲೆ, ಇವನೊಬ್ಬ ನಿಂತು, "ಸರ್, ಅಂಕಣ ಸರಿ ಅನಸವಲ್ದು" ಎಂದ. ಪಟ್ಟಿಯನ್ನು ಬಿಡಿಸಿ ನೋಡಿದರೆ ಅದರ ಮೊದಲ ಗೇಣು ಹರಿದು ಹೋಗಿತ್ತು! ಎಷ್ಟೋ ವರ್ಷಗಳಿಂದ ಆ ಗೇಣಿಲ್ಲದ ಪಟ್ಟಿಯಲ್ಲೇ ಅಂಕಣ ಹಾಕುತ್ತಿದ್ದೆವು. ಅವನನ್ನು ನೆನೆದಾಗ ನನಗೆ ಮೊದಲು ಕಾಣುವುದು ಸುಣ್ಣ ಮೆತ್ತಿದ ಆ ಹುಡುಗನ ಕಾಲುಗಳು.

ಶಾಲೆ ಮುಗಿಸಿ ಅವನು ಮನೆಗಳ ಮಾಳಿಗೆ ಹತ್ತಿ ಟೀವಿ ಆಂಟೆನಾ ಕಟ್ಟಿದ. ಆಮೇಲೆ ಕೇಬಲ್ ಎಳೆದ. ಕೇಬಲ್ ಕಾಲ ಮುಗಿದು ಫೈಬರ್ ಬಂದಾಗ, ಕೂದಲಿನಷ್ಟು ತೆಳುವಾದ ಆ ಗಾಜಿನ ಎಳೆಯನ್ನು ಸುಲಿದು, ಒರೆಸಿ, ನೇರ ಕತ್ತರಿಸಿ, ಯಂತ್ರದಲ್ಲಿಟ್ಟು ಬೆಸೆಯುವುದನ್ನು ನಲವತ್ತು ದಾಟಿದ ಮೇಲೆ ಕಲಿತ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಸೈಫುದ್ದೀನ್ ಎಂಬವರದು ಇಂಟರ್ನೆಟ್ ವಿತರಣೆಯ ಕಚೇರಿ. ದೇವದುರ್ಗ ಮತ್ತು ಸುತ್ತಲಿನ ಊರುಗಳ ಲೈನುಗಳನ್ನು ಅವರು ವಲಿ ಪಾಷಾನಿಗೆ ಒಪ್ಪಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಚೀಲ ಹೆಗಲಿಗೇರಿಸಿ ಮೋಟಾರ್ ಸೈಕಲ್ ಹತ್ತಿದರೆ ಸಂಜೆಯವರೆಗೆ ಅವನು ಹತ್ತು ಮನೆಗಳ ಮನುಷ್ಯ. "ಬರ್ರಿ ಪಾಷಾ, ಚಾ ಕುಡೀರಿ" ಎನ್ನುವವರಿಗೆ ಕೊರತೆಯಿರಲಿಲ್ಲ. ಆದರೆ ಅವನ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಹೆಂಡತಿ ಹೀರಾಬಿ ತೀರಿ ಆರು ವರ್ಷ. ಒಬ್ಬಳೇ ಮಗಳು ಜಬೀನ್. ಹೋದ ಮೊಹರಂ ಆದ ಮೇಲೆ ಅವಳು ಗಂಡ ಶಕೀಲನ ಜೊತೆ ಕೊಲ್ಲಿಯ ದೇಶವೊಂದಕ್ಕೆ ಹೋದಳು. ಅಲ್ಲಿ ಅವನು ಲಾರಿ ಓಡಿಸುತ್ತಾನೆ, ಅವಳು ಅಂಗಡಿಯೊಂದರಲ್ಲಿ ಬಟ್ಟೆ ಮಡಚಿಡುವ ಕೆಲಸ ಮಾಡುತ್ತಾಳೆ.

ಅವರು ಹೊರಟ ದಿನ ರಾಯಚೂರು ರೈಲು ನಿಲ್ದಾಣದಲ್ಲಿ, ರೈಲು ಬರಲು ಇನ್ನೂ ಹತ್ತು ನಿಮಿಷವಿರುವಾಗ, ಶಕೀಲ ಮಾವನ ಫೋನನ್ನು ಕೈಗೆ ತೆಗೆದುಕೊಂಡ. ಮನೆಯಲ್ಲಿ ಅವರಾಡುವುದು ದಖನಿ ಉರ್ದು. ನಾನು ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಮಾಮು, ಅಲ್ಲಿ ಈ ವಾಟ್ಸಾಪ್ ಕಾಲ್ ಹತ್ತಂಗಿಲ್ಲ ಅಂತಾರ. ವಿಪಿಎನ್ ಅಂತ ಒಂದು ಆ್ಯಪ್ ಅದ. ನನ್ನ ಫೋನ್‌ದಾಗ ಹಾಕ್ಕೊಂಡೀನಿ, ನಿಮ್ಮದ್ರಾಗೂ ಹಾಕ್ತೀನಿ. ಎರಡೂ ಕಡಿ ಇದ್ರ ಚಲೋ."

"ಇದಕ್ಕ ನಾ ಏನ ಮಾಡಬೇಕು?"

"ಏನೂ ಮಾಡಬ್ಯಾಡ್ರಿ. ಮ್ಯಾಲ ಸಣ್ಣ ಕೀಲಿಕೈ ಕಾಣ್ತದ ನೋಡ್ರಿ. ಅದು ಇದ್ರ ಆತು, ಹಾದಿ ತೆರದದ ಅಂತ ತಿಳೀರಿ."

ರೈಲು ಹೋಯಿತು. ಫೋನಿನ ನೆತ್ತಿಯ ಮೇಲೆ, ಗಡಿಯಾರದ ಪಕ್ಕದಲ್ಲಿ, ಜೋಳದ ಕಾಳಿನಷ್ಟು ಚಿಕ್ಕ ಕೀಲಿಕೈ ಉಳಿಯಿತು. ಪ್ರತಿ ಶುಕ್ರವಾರ ಜುಮ್ಮಾ ನಮಾಜಿನ ಬಳಿಕ, ಎರಡು ಗಂಟೆಯ ಸುಮಾರಿಗೆ, ಜಬೀನಳ ಕರೆ ಬರುತ್ತಿತ್ತು. ಮಾತು ತುಂಡಾಗಿ ಬರುತ್ತಿತ್ತು. "ಅಬ್ಬಾ... ಊಟ... ಕೇಳ್ತದ?" ಅವನು "ಹಾಂ, ಹಾಂ" ಎನ್ನುತ್ತಿದ್ದ. ಮೂರು ತಿಂಗಳಾದ ಮೇಲೆ ಅವಳು ಇನ್ನೊಂದು ನೀಲಿ ಗುರುತಿನ ಆ್ಯಪ್ ಹಾಕಿಕೊಳ್ಳಲು ಹೇಳಿದಳು. ಅಂದಿನಿಂದ ಕರೆ ಅದರಲ್ಲಿ ಬರತೊಡಗಿತು. ಅವನು ಕೀಲಿಕೈಯನ್ನು ಮಾತ್ರ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ನೋಡುತ್ತಿದ್ದ, ಇದೆಯೇ ಇಲ್ಲವೇ ಎಂದು.

ಅವನ ಕೆಲಸ ಕೆಡತೊಡಗಿದ್ದು ಮಗಳ ರೈಲು ಹೊರಟ ಆ ದಿನದಿಂದಲೇ.

ಕಚೇರಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹೊಸ ಲೈನು ಹಾಕಲಿ, ಹಳೆಯದನ್ನು ದುರಸ್ತಿ ಮಾಡಲಿ, ಲೈನ್‌ಮ್ಯಾನ್ ಆ ಮನೆಯ ವೈಫೈಗೆ ತನ್ನ ಫೋನನ್ನು ಸೇರಿಸಿ, ವೇಗ ಅಳೆದು, ಅದರ ಚಿತ್ರವನ್ನು ರಾಯಚೂರು ಕಚೇರಿಯ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಗಿರಾಕಿಯ ಫೋನು ಹಳತಿರಬಹುದು, ಕೆಟ್ಟಿರಬಹುದು. ಲೈನ್‌ಮ್ಯಾನನ ಫೋನು ಎಲ್ಲ ಕಡೆಗೂ ಒಂದೇ ಅಳತೆಗೋಲು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಐವತ್ತು ಎಂಬಿಯ ಲೈನಿಗೆ ಮಾನ್ವಿ ತಾಲೂಕಿನ ಲೈನ್‌ಮ್ಯಾನ್ ಜಹೀರ್ ಕಳಿಸುವ ಚಿತ್ರದಲ್ಲಿ ನಲವತ್ತೇಳು, ನಲವತ್ತೆಂಟು ಇರುತ್ತಿತ್ತು. ವಲಿ ಪಾಷಾ ಕಳಿಸುವುದರಲ್ಲಿ ಆರು, ಎಂಟು, ಕೆಲವೊಮ್ಮೆ ನಾಲ್ಕು.

ಅವನು ಮತ್ತೆ ಕಂಬ ಹತ್ತಿದ. ಬೆಸೆದ ಜಾಯಿಂಟುಗಳನ್ನು ಕತ್ತರಿಸಿ ಮತ್ತೆ ಬೆಸೆದ. ಎಳೆಯಲ್ಲಿ ಬೆಳಕು ಎಷ್ಟು ಬರುತ್ತಿದೆ ಎಂದು ತೋರಿಸುವ ಪವರ್ ಮೀಟರು ಪ್ರತಿ ಸಲವೂ ಚೆನ್ನಾಗಿದೆ ಎಂದೇ ಹೇಳುತ್ತಿತ್ತು. ಫೋನು ಮಾತ್ರ ಆರು ಎನ್ನುತ್ತಿತ್ತು. ಅವನು ಮೀಟರನ್ನು ನಂಬಲಿಲ್ಲ. ತನ್ನ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ನಡುಗುತ್ತಿವೆಯೇ? ಕನ್ನಡಕದ ನಂಬರು ಬದಲಾಯಿಸಿದ. ಐವತ್ತೆರಡು ವಯಸ್ಸು. ಮಗಳು ಹೋದ ಮೇಲೆ ರಾತ್ರಿ ನಿದ್ದೆಯೂ ಸರಿಯಾಗಿರಲಿಲ್ಲ.

ಮಾಘದ ಒಂದು ಸೋಮವಾರ ಸೈಫುದ್ದೀನ್ ಅವನನ್ನು ರಾಯಚೂರಿಗೆ ಕರೆಸಿದರು. ಒಳ್ಳೆಯ ಮನುಷ್ಯ. ಚಹಾ ತರಿಸಿದ ಮೇಲೆಯೇ ಮಾತು ತೆಗೆದರು.

"ವಲಿ ಭಾಯ್, ನಿಮ್ಮ ಜಾಯಿಂಟ್ ಅಂದ್ರ ನಾ ಕಣ್ಣು ಮುಚ್ಚಿ ಒಪ್ಪತಿದ್ದೆ. ಜಬೀನ್ ಹೋದಾಗಿನಿಂದ ನಿಮ್ಮ ಕೈ ಸರಿ ಇಲ್ಲ. ತಪ್ಪಂತ ಹೇಳಾಕತ್ತಿಲ್ಲ. ಮನಸು ಅಲ್ಲೆದ, ಕೈ ಇಲ್ಲೆದ."

ವಲಿ ಪಾಷಾ ಚಹಾದ ಲೋಟವನ್ನು ಕೆಳಗಿಟ್ಟ.

"ಇಲ್ಲೇ ಗೋದಾಮಿನಾಗ ಕೂಡ್ರಿ. ಬಾಕ್ಸು, ವೈರು ನೋಡ್ಕೊಂಡಿರ್ರಿ. ಪಗಾರ ಅಷ್ಟ ಕೊಡ್ತೀನಿ, ಒಂದು ರೂಪಾಯಿ ಕಡಿಮಿ ಮಾಡಂಗಿಲ್ಲ. ಗುರುವಾರ ದೇವದುರ್ಗಕ್ಕ ಬರ್ತೀನಿ, ಚೀಲ ಜಹೀರ್‌ಗೆ ಕೊಟ್ಟುಬಿಡ್ರಿ. ಎರಡೂ ತಾಲೂಕು ಅವನ ನೋಡ್ಕೊತಾನ."

"ಆಯ್ತು ಭಾಯ್" ಎಂದ ಅವನು. ಹಿಂತಿರುಗುವಾಗ ಆ ಗೋದಾಮನ್ನು ಹಣಿಕಿ ನೋಡಿದ. ಕಿಟಕಿಯಿಲ್ಲದ ಕೋಣೆ, ಚಾವಣಿಯವರೆಗೆ ರಟ್ಟಿನ ಡಬ್ಬಿಗಳು, ಒಂದು ಪ್ಲಾಸ್ಟಿಕ್ ಕುರ್ಚಿ. ಅಲ್ಲಿ "ಬರ್ರಿ ಪಾಷಾ" ಎನ್ನುವವರು ಯಾರು? ಪಗಾರ ಕಡಿಮೆಯಾಗದಿದ್ದರೂ, ಆ ಚೀಲ ಹೋದರೆ ಅವನ ದಿನದಲ್ಲಿ ಮನುಷ್ಯರ ದನಿ ಎಂಬುದೇ ಉಳಿಯುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನ ಬಳಿ ಉಳಿದದ್ದು ಒಂದೇ ದೂರು. ದೇವದುರ್ಗದಲ್ಲಿ ರಾಧಾ ಎಂಬ ಹೆಣ್ಣುಮಗಳ ಆನ್‌ಲೈನ್ ಸೆಂಟರ್ ಇದೆ. ರೇಷನ್ ಕಾರ್ಡು, ಪಹಣಿ, ಪರೀಕ್ಷೆಯ ಅರ್ಜಿ ಎಲ್ಲ ಅಲ್ಲೇ ತುಂಬುವುದು. ಕುರಿ ಕಾಯುವ ಕನಕಪ್ಪನ ಮಗಳು, ಮಾತು ಚುರುಕು. ಒಂದು ತಿಂಗಳಿಂದ ಅವಳ ಕಂಪ್ಯೂಟರು ತೆವಳುತ್ತಿತ್ತು. ವಲಿ ಪಾಷಾ ಎರಡು ಸಲ ಬಂದು, ಎರಡು ಸಲವೂ ತನ್ನ ಫೋನಿನಲ್ಲಿ ಅಳೆದು, ಅಲ್ಲಿಯೂ ಆರೇ ಬಂದಾಗ, ಹೌದು ತನ್ನ ಲೈನೇ ಕೆಟ್ಟಿದೆ ಎಂದು ಒಪ್ಪಿಕೊಂಡು, ಕಂಬದಿಂದ ಹೊಸ ಎಳೆಯನ್ನೇ ಎಳೆದಿದ್ದ. ಇದು ಮೂರನೆಯ ಸಲ.

"ಬಂದ್ರೇನ್ರೀ ಪಾಷಾ? ನಿಮಗ ಇಲ್ಲೇ ಒಂದು ಮಂಚ ಹಾಕಿಸಿಬಿಡ್ತೀನಿ ತಡೀರಿ" ಎಂದಳು ರಾಧಾ. "ಹತ್ತು ಮಂದಿ ಪಾಳಿ ಹಚ್ಯಾರ. ಈ ಅರ್ಜಿ ಅರ್ಧ ತಾಸಿನಿಂದ ತಿರಗಾಕತ್ತದ."

"ಇವತ್ತ ಕಡೀ ಸಲ ನೋಡ್ತೀನಿ ಅಕ್ಕೋರ. ನಾಳಿಯಿಂದ ಜಹೀರ್ ಬರ್ತಾನ."

"ಯಾಕ, ನೀವೆಲ್ಲಿ ಹೊಂಟ್ರಿ?"

ಅವನು ಚೀಲ ಇಳಿಸಿ, ವೈಫೈ ಬಾಕ್ಸಿನಿಂದ ಎಳೆ ಬಿಚ್ಚಿ ಮೀಟರಿಗೆ ಹಾಕಿದ. ಬೆಳಕು ಚೆನ್ನಾಗಿತ್ತು. ಎಳೆಯನ್ನು ಮರಳಿ ಹಾಕಿ, ಫೋನಿನಲ್ಲಿ ಅಳೆದ. ಐದು.

ಬಾಗಿಲಲ್ಲಿ ಸ್ಟೂಲಿನ ಮೇಲೆ ರಾಧಾಳ ದೊಡ್ಡವ್ವ ಗೋಪಮ್ಮ ಕುಳಿತಿದ್ದಳು. ಬಂದವರಿಗೆ ಪಾಳಿಯ ಚೀಟಿ ಕೊಡುವುದು ಅವಳ ಕೆಲಸ. ಉಳಿದ ಹೊತ್ತಿನಲ್ಲಿ ಅಂಗೈಯಗಲದ ಫೋನಿನಲ್ಲಿ ಭಜನೆ ನೋಡುವಳು. ವಲಿ ಪಾಷಾ ನಿಟ್ಟುಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

"ಏನಾತೋ ತಮ್ಮಾ?"

"ಲೈನ್ ಬರವಲ್ದು ಯವ್ವಾ."

"ಬರವಲ್ದು ಅಂತೀಯಲ್ಲ! ನನಗ ಈ ತಬಲಾದವನ ಮೀಸಿ ಕೂದಲು ಸುದ್ದಾ ಎಣಿಸಾಕ ಬರ್ತದ."

ರಾಧಾ ನಕ್ಕಳು. "ದೊಡ್ಡವ್ವಾ, ನಿಂದು ಫೋನಿನ ಪ್ಯಾಕ್ ಇರಬೇಕು."

"ಪ್ಯಾಕ್ ಮುಗದು ತಿಂಗಳಾತು ಬೇ. ನಿನ್ನ ವೈಫೈದಾಗ ಕುಂತೀನಿ."

ವಲಿ ಪಾಷಾ ತಿರುಗಿ ನೋಡಿದ. ಅದೇ ಬಾಕ್ಸು, ಅದೇ ಎಳೆ, ಅದೇ ಗಳಿಗೆ. ಅವನು ಮೆಲ್ಲನೆ, "ಒಂದು ನಿಮಿಷ ಕೊಡವ್ವಾ" ಎಂದು ಆ ಫೋನನ್ನು ಇಸಿದುಕೊಂಡು ಅಳೆದ. ನಲವತ್ತಾರು! ಮತ್ತೊಮ್ಮೆ ಅಳೆದ. ನಲವತ್ತೈದು. ಕೆಳಗೆ ಸಣ್ಣ ಅಕ್ಷರದಲ್ಲಿ ಅಳತೆ ಎಲ್ಲಿಂದ ನಡೆಯಿತು ಎಂಬುದೂ ಇತ್ತು: ಹೈದರಾಬಾದ್. ತನ್ನ ಫೋನಿನಲ್ಲಿ ಅದೇ ಜಾಗ ನೋಡಿದ. ಅಲ್ಲಿ ಆ್ಯಮ್‌ಸ್ಟರ್‌ಡ್ಯಾಮ್ ಎಂದಿತ್ತು. ಸಂಕೇತ ಹೋಗಿ ಬರಲು ಹಿಡಿಯುವ ಹೊತ್ತು ಗೋಪಮ್ಮನದರಲ್ಲಿ ಹದಿನೆಂಟು ಮಿಲಿಸೆಕೆಂಡು, ಅವನದರಲ್ಲಿ ಮುನ್ನೂರು ದಾಟಿತ್ತು. ಐದು ತಿಂಗಳಿಂದ ಆ ಹೆಸರು ಅಲ್ಲಿಯೇ ಇತ್ತು. ಅವನ ಕಣ್ಣು ವೇಗದ ಅಂಕಿಯನ್ನು ದಾಟಿ ಕೆಳಗೆ ಇಳಿದಿರಲಿಲ್ಲ.

ರಾಧಾ ಇಬ್ಬರ ಫೋನನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ಪಾಷಾ, ನಿಮ್ಮದರ ನೆತ್ತಿ ಮ್ಯಾಲ ಈ ಕೀಲಿಕೈ ಯಾತರದು? ದೊಡ್ಡವ್ವಂದ್ರಾಗ ಇಲ್ಲ."

ಅವನಿಗೆ ಹೊಳೆಯಿತು. ಅಳಿಯ ಹಾಕಿದ ವಿಪಿಎನ್ ಆ್ಯಪಿನದು ಎಂದ. ಆ ಆ್ಯಪ್ ಇದ್ದಾಗ ಫೋನಿನಿಂದ ಹೊರಡುವುದೆಲ್ಲ ಗುಟ್ಟಿನ ಲಕೋಟೆಯೊಳಗೆ ಸೇರಿ, ಮೊದಲು ಎಲ್ಲೋ ದೂರದೇಶದ ಒಂದು ಯಂತ್ರಕ್ಕೆ ಹೋಗಿ, ಅಲ್ಲಿಂದ ತಾನು ಸೇರಬೇಕಾದಲ್ಲಿಗೆ ಹೋಗುತ್ತದೆ. ಉತ್ತರವೂ ಅದೇ ಸುತ್ತು ಹಾದಿಯಲ್ಲಿ ಬರುತ್ತದೆ. ಪುಕ್ಕಟೆಯ ಆ್ಯಪ್ ಆದರೆ ಆ ಯಂತ್ರದ ಬಾಗಿಲಲ್ಲಿ ಸಾವಿರಾರು ಜನರ ನೂಕುನುಗ್ಗಲು. ದೇವದುರ್ಗದ ಎಳೆಯನ್ನು ಅಳೆಯುತ್ತೇನೆಂದುಕೊಂಡು ಅವನು ಅಳೆದದ್ದು ಆ ನೂಕುನುಗ್ಗಲನ್ನು.

"ಅದನ್ನ ಬಂದ್ ಮಾಡಿ ಅಳೀರಿ ಮತ್ತ" ಎಂದಳು ರಾಧಾ.

"ಅದು... ಮಗಳ ಫೋನ್ ಬರೂ ಹಾದಿ ಅಕ್ಕೋರ."

"ಇವತ್ತ ಬರ್ತದ ಏನು?"

"ಇಲ್ಲ, ನಾಳಿ."

"ಮತ್ತ ಇವತ್ತ ಐದು ನಿಮಿಷ ಬಂದಾದ್ರ ಏನಾಕತಿ? ಹಾದಿ ಏನು ನೆಲದಾಗ ಹೂತು ಹೋಗತದ?"

ಅವನು ಆ್ಯಪನ್ನು ತೆರೆದು, ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚಿದ. ಅಳೆದ. ಆರು.

ಅವನ ಮುಖ ಇಳಿಯಿತು. ಆದರೂ ಒಳಗೆಲ್ಲೋ ಒಂದು ಸಮಾಧಾನವೂ ಆಯಿತಂತೆ. ಆ್ಯಪಿನದು ತಪ್ಪಲ್ಲ, ಮಗಳ ಹಾದಿ ತನಗೆ ಕೇಡು ಮಾಡಿಲ್ಲ ಎಂದು. "ನೋಡ್ರಿ, ಬಂದ್ ಮಾಡಿದ್ರೂ ಅಷ್ಟ. ನನ್ನ ಕೈಯೇ..." ಎನ್ನುತ್ತ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ.

"ತಡೀರಿ, ತಡೀರಿ. ಕೀಲಿಕೈ ಎಲ್ಲಿ ಹೋಗೇದ? ಇನ್ನೂ ಅಲ್ಲೇ ಕುಂತದಲ್ಲ!"

ನಿಜ. ಕಿಟಕಿ ಮುಚ್ಚಿದರೆ ಮನೆಯ ಬಾಗಿಲು ಮುಚ್ಚಿದಂತಾಗಲಿಲ್ಲ. ಆ್ಯಪ್ ಹಿಂದೆ ಕುಳಿತು ತನ್ನ ಕೆಲಸ ಮಾಡುತ್ತಲೇ ಇತ್ತು. ಈ ಸಲ ಅವನು ಆ್ಯಪಿನೊಳಗೆ ಹೋಗಿ ಸಂಪರ್ಕ ಕಡಿಯುವ ಗುಂಡಿಯನ್ನು ಒತ್ತಿದ. ಕೀಲಿಕೈ ಮಾಯವಾಗಿ, ಎರಡು ಉಸಿರು ಕಳೆಯುವುದರೊಳಗೆ ಮತ್ತೆ ಬಂತು. ಸೆಟ್ಟಿಂಗ್ಸಿನಲ್ಲಿ ಹುಡುಕಿದರೆ 'ವಿಪಿಎನ್ ಯಾವಾಗಲೂ ಚಾಲೂ' ಎಂಬ ಒಂದು ಸ್ವಿಚ್ಚನ್ನು ಶಕೀಲ ಅಂದೇ ಹಾಕಿಟ್ಟಿದ್ದ. ಅದನ್ನೂ ತೆಗೆದು ಮತ್ತೆ ಕಡಿದಾಗ ಕೀಲಿಕೈ ಹೋಯಿತು. ಹೋದದ್ದು ತಿರುಗಿ ಬರಲಿಲ್ಲ.

ಅಲ್ಲಿಂದ ಮುಂದೆ ವಲಿ ಪಾಷಾ ಆ ಕಬಡ್ಡಿ ಅಂಕಣದ ಹುಡುಗನೇ ಆದ. ಒಂದು ಅಳತೆ ಅವನಿಗೆ ಸಾಲಲಿಲ್ಲ.

"ಗೋಪಮ್ಮಾ, ಭಜನಿ ಐದು ನಿಮಿಷ ನಿಲ್ಲಿಸವ್ವಾ. ನೀ ನೋಡಾಕತ್ರ ಅಳತಿದಾಗ ಪಾಲು ತಗೊಂತೀ."

"ದೇವರ ಹಾಡಿಗೂ ಲೆಕ್ಕ ಹಚ್ತೀಯೇನೋ?"

"ಅಳ್ಯಾಕ ಮಾತ್ರ ಯವ್ವಾ. ಆಮ್ಯಾಗ ಕೇಳು."

ಪಾಳಿಯಲ್ಲಿದ್ದವರೂ ತಮ್ಮ ಫೋನುಗಳ ವೈಫೈಯನ್ನು ಬಂದ್ ಮಾಡಿದರು. ಅವನು ಬಾಕ್ಸಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಹೈದರಾಬಾದನ್ನೇ ಆರಿಸಿಕೊಂಡು ಅಳೆದ. ನಲವತ್ತೇಳು. ಮತ್ತೆ, ನಲವತ್ತೆಂಟು. ಮತ್ತೆ, ನಲವತ್ತಾರು. ಆಮೇಲೆ, ಅದೇ ಜಾಗದಲ್ಲಿ ನಿಂತು, ಅದೇ ಹೈದರಾಬಾದನ್ನು ಇಟ್ಟುಕೊಂಡು, ಕೀಲಿಕೈಯನ್ನು ಚಾಲೂ ಮಾಡಿ ಮೂರು ಸಲ ಅಳೆದ. ಐದು, ಆರು, ಐದು. ಮತ್ತೆ ಬಂದ್ ಮಾಡಿ ಅಳೆದ. ನಲವತ್ತೇಳು. ಇಷ್ಟು ಹೊತ್ತಿನಲ್ಲಿ ಲೈನೇ ಏರಿಳಿದಿರಬಹುದು ಎಂಬ ಸಂಶಯಕ್ಕೂ ಎಡೆ ಉಳಿಯಲಿಲ್ಲ.

ಅವನು ಕುರ್ಚಿಯ ಮೇಲೆ ಕುಳಿತು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದ. ಗೋಪಮ್ಮ, "ಏನು ಕಳಕೊಂಡ್ಯೋ?" ಎಂದಳು. "ಸಿಕ್ತು ಯವ್ವಾ" ಎಂದ.

"ನಿಮ್ಮದು ಸಿಕ್ತು. ನನ್ನ ಕಂಪ್ಯೂಟರ್?" ರಾಧಾ ಬಿಡುವವಳಲ್ಲ. "ಇದರಾಗ ಕೀಲಿಕೈ ಗೀಲಿಕೈ ಏನೂ ಇಲ್ಲ."

ಕಂಪ್ಯೂಟರನ್ನು ವೈಫೈ ಬಿಡಿಸಿ, ಬಾಕ್ಸಿನಿಂದ ನೇರವಾಗಿ ವೈರು ಹಾಕಿ ಅಳೆದರೆ ಏಳು. ಎಲ್ಲಿಂದ? ಸಿಂಗಾಪುರ. ವಲಿ ಪಾಷಾನ ಕಣ್ಣು ಈಗ ಮೊದಲು ಆ ಹೆಸರಿನತ್ತಲೇ ಹೋಯಿತು. "ಒಂದು ತಿಂಗಳ ಹಿಂದ ಇದರಾಗ ಏನರ ಹೊಸಾದು ಹಾಕಿಸೀರೇನು?"

"ವೈರಸ್ ಬಂದಿತ್ತು. ಕಂಪ್ಯೂಟರಿನವರು ಒಂದು ಸೆಕ್ಯೂರಿಟಿ ಹಾಕಿ ಕೊಟ್ರು."

ಆ ಕಾವಲು ತಂತ್ರಾಂಶವನ್ನು ತೆರೆದು ನೋಡಿದರು. ಅದರೊಳಗೇ ಒಂದು ವಿಪಿಎನ್ ಇತ್ತು, ಹಸಿರಾಗಿ ಉರಿಯುತ್ತಿತ್ತು. ಮೊದಲು ಅದೊಂದನ್ನೇ ಬಂದ್ ಮಾಡಿ ಅಳೆದರು. ನಲವತ್ತೊಂದು. ಆಮೇಲೆ ಇಡೀ ಕಾವಲನ್ನು ಹತ್ತು ನಿಮಿಷದ ಮಟ್ಟಿಗೆ ನಿಲ್ಲಿಸಿ ಅಳೆದರು. ನಲವತ್ತೆಂಟು. ಆ ಹೊತ್ತಿನಲ್ಲಿ ಅಳತೆಯ ಪುಟವೊಂದನ್ನು ಬಿಟ್ಟು ಬೇರೇನನ್ನೂ ತೆರೆಯಲು ಅವನು ಬಿಡಲಿಲ್ಲ. ಅಳತೆ ಮುಗಿದ ಕೂಡಲೇ ಕಾವಲನ್ನು ಮರಳಿ ಚಾಲೂ ಮಾಡಿಸಿದ.

"ಇರಲಿ ಬಿಡ್ರಿ ಬಂದಾಗಿ. ನಲವತ್ತೆಂಟು ಬರ್ತದಲ್ಲ" ಎಂದಳು ರಾಧಾ.

"ಬ್ಯಾಡ ಅಕ್ಕೋರ. ಬರೂ ಫೈಲೆಲ್ಲ ತಡದು ನೋಡಿ ಬಿಡ್ತದ ಅದು. ಅದಕ್ಕ ಆರೇಳು ಎಂಬಿ ತಿಂತದ. ತಿನ್ನಲಿ. ಮಂದಿ ಆಧಾರ್, ಪಹಣಿ ಎಲ್ಲ ನಿಮ್ಮ ಕಂಪ್ಯೂಟರಿನಾಗ ಅದಾವ. ಆ ಸಿಂಗಾಪುರದ್ದು ಮಾತ್ರ ನಿಮಗ ಬೇಕಾಗಿಲ್ಲ."

ಅರ್ಧ ತಾಸಿನಿಂದ ತಿರುಗುತ್ತಿದ್ದ ಅರ್ಜಿಯ ಪುಟ ತೆರೆದುಕೊಂಡಿತು. ಪರದೇಶದ ವಿಳಾಸದಿಂದ ಬಂದವರಿಗೆ ಕೆಲವು ಸರ್ಕಾರಿ ತಾಣಗಳು ಬಾಗಿಲು ತೆಗೆಯುವುದಿಲ್ಲ ಎಂಬುದು ಆಗ ತಿಳಿಯಿತು. ಪಾಳಿಯಲ್ಲಿ ಮೊದಲಿದ್ದ ಮುದುಕ, "ಅಂತೂ ದೇವದುರ್ಗಕ್ಕ ಬಂದ್ವೇನಪಾ?" ಎಂದ. ಎಲ್ಲರೂ ನಕ್ಕರು.

ಹನ್ನೆರಡಕ್ಕೆ ಸೈಫುದ್ದೀನರ ಕಾರು ಬಂತು. ಹಿಂದೆಯೇ ಮಾನ್ವಿಯಿಂದ ಜಹೀರ್. ವಲಿ ಪಾಷಾ ಚೀಲವನ್ನು ಮೇಜಿನ ಮೇಲಿಟ್ಟ. "ಕೊಡೂದಕ್ಕ ಮೊದಲ ಒಂದು ನೋಡ್ರಿ ಭಾಯ್" ಎಂದ. ಬಂದ್ ಇದ್ದಾಗಿನ ಅಳತೆ, ಚಾಲೂ ಇದ್ದಾಗಿನ ಅಳತೆ, ಎರಡನ್ನೂ ಅವರ ಕಣ್ಣೆದುರಿಗೆ ಮತ್ತೊಮ್ಮೆ ತೆಗೆದು ತೋರಿಸಿದ. ಜಹೀರ್ ತನ್ನ ಫೋನಿನಲ್ಲೂ ಅಳೆದ. ನಲವತ್ತೆಂಟು.

ಸೈಫುದ್ದೀನ್ ಎರಡೂ ಫೋನುಗಳನ್ನು ಕೈಗೆ ತೆಗೆದುಕೊಂಡು ಅಂಕಿಗಳನ್ನು ನೋಡಿದರು. "ಐದು ತಿಂಗಳು ನೀವು ಚಲೋ ಜಾಯಿಂಟ್ ಕಡದು ಮತ್ತ ಹಚ್ಚೀರಿ ವಲಿ ಭಾಯ್" ಎಂದರು ಕೊನೆಗೆ.

"ಹೌದು ಭಾಯ್."

"ಅಲ್ಲ, ನಿಮಗ ಒಮ್ಮೆರ ಅನಸಲಿಲ್ಲೇನು, ಫೋನ್ ತಪ್ಪಿರಬಹುದು ಅಂತ?"

"ನೀವು ಹೇಳಿದ್ದು ಖರೇ ಅನಸ್ತು. ಮಗಳು ಹೋದ ಮ್ಯಾಲ ಕೈ ಕೆಟ್ಟಿರಬೇಕು ಅಂತ."

ಸೈಫುದ್ದೀನ್ ತಾವೇ ಚೀಲವನ್ನೆತ್ತಿ ಅವನ ಹೆಗಲಿಗೆ ಹಾಕಿದರು. ಜಹೀರ್, "ಚಾಚಾ, ಬಚಾವಾದೆ. ಎರಡು ತಾಲೂಕು ತಿರಗಿದ್ರ ನನ್ನ ಹೆಂಡತಿ ನನ್ನ ಗುರುತು ಹಿಡೀತಿದ್ದಿಲ್ಲ" ಎಂದ. ವಲಿ ಪಾಷಾನೂ ನಕ್ಕ. ತನ್ನ ಗುರುತು ಹಿಡಿಯುವುದಕ್ಕೆ ಯಾರು ಕಾದಿದ್ದಾರೆ ಎಂದು ಆಗ ಅನಿಸಿತಂತೆ.

ಉಳಿದದ್ದು ಶುಕ್ರವಾರ.

ಕೀಲಿಕೈಯನ್ನು ಮತ್ತೆ ಚಾಲೂ ಮಾಡಬೇಕೇ? ಕೆಲಸಕ್ಕೆ ಬಂದ್ ಮಾಡಿ, ಕರೆಗೆ ಚಾಲೂ ಮಾಡಿದರೂ ನಡೆಯುತ್ತಿತ್ತು. ಆದರೆ ಗುರುವಾರದ ಪಾಠ ತಲೆಯಲ್ಲಿತ್ತು. ಅಳೆಯದೆ ಹೇಗೆ ತಿಳಿಯುವುದು? ನಮಾಜು ಮುಗಿಸಿ ಬಂದು, ಚೀಲವನ್ನು ಮೊಳೆಗೆ ತೂಗುಹಾಕಿ, ಫೋನನ್ನು ಚಾಪೆಯ ಮೇಲಿಟ್ಟು ಕುಳಿತ. ಫೋನಿನ ನೆತ್ತಿ ಬರಿದಾಗಿತ್ತು.

ಎರಡಾಯಿತು. ಎರಡೂಕಾಲು. ಕೆಳಗೆ ಗಿರಣಿ ನಿಂತಿತು. ಎರಡೂವರೆಗೆ ಅವನ ಬೆರಳು ಆ್ಯಪಿನವರೆಗೆ ಹೋಯಿತು. ಹಿಂದೆ ತೆಗೆದುಕೊಂಡ. ನಡುವೆ ಕೈ ಹಾಕಿದರೆ ಅದು ಅಳತೆಯಲ್ಲ. ಎರಡೂ ಮುಕ್ಕಾಲಿಗೆ ಕರೆ ಬಂತು.

"ಅಬ್ಬಾ! ಊಟ ಆತೇನು? ಅಂಗಡಿದಾಗ ತಡಾ ಮಾಡಿಬಿಟ್ರು."

ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ. "ಆತು, ಆತು. ಬೇಟಿ, ಆ ಕೀಲಿಕೈ ಬಂದ್ ಮಾಡೀನಿ. ಆದ್ರೂ ಬಂತಲ್ಲ."

"ಯಾವ ಕೀಲಿಕೈ?"

"ಶಕೀಲ್ ಹಾಕಿದ್ದು, ರೈಲಿನಾಗ ಕೂಡೂ ಮೊದಲ."

"ಅದು ಇನ್ನೂ ಇತ್ತೇನು ನಿನ್ನ ಫೋನ್‌ದಾಗ? ಅದನ್ನ ನಾವು ಎರಡು ತಿಂಗಳ ಹಿಂದೇ ತೆಗದುಬಿಟ್ಟೀವಿ ಅಬ್ಬಾ. ಈ ನೀಲಿ ಆ್ಯಪಿಗೆ ಇಲ್ಲಿ ಪರವಾನಗಿ ಅದ. ಅದರ ಸಲುವಾಗೇ ಹಾಕ್ಸಿದ್ದು. ನಿನ್ನ ಕಡಿಗೆ ಅದು ಮೊದಲಿಂದಾನೂ ಬೇಕಾಗಿದ್ದಿಲ್ಲಂತ."

"ನನಗ ಹೇಳಲಿಲ್ಲಲ್ಲ."

"ನೆನಪಾಗಲಿಲ್ಲ ಅಬ್ಬಾ."

ಅವನು "ಹಾಂ" ಎಂದ. ಅವಳು ಹವೆಯ ಬಗ್ಗೆ ಹೇಳಿದಳು, ಶಕೀಲನ ಹೊಸ ಲಾರಿಯ ಬಗ್ಗೆ ಹೇಳಿದಳು. ಅವನು ರಾಧಾಳ ಸೆಂಟರಿನ ಕಥೆಯನ್ನು, ಗೋಪಮ್ಮನ ಮೀಸೆಯ ಮಾತನ್ನು ಹೇಳಿದ. ಅವಳು ನಕ್ಕಳು, ಆ ನಗೆಯ ಹಿಂದೆ ಅಲ್ಲಿಯ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ಕೇಳಿಸಿತು. ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಇಷ್ಟು ದಿನ ಹೀಗಾದಾಗ ಲೈನು ತುಂಡಾಗಿದೆ ಎಂದು ತಿಳಿಯುತ್ತಿದ್ದರು. ಈಗ ಲೈನು ಶುದ್ಧವಾಗಿತ್ತು.

"ಅದೀಯಾ ಜಬೀನ್?"

"ಅದೀನಿ ಅಬ್ಬಾ."

"ಸರಿ, ಕೆಲಸ ಅದ ಏನು ನಿನಗ? ಇಡು" ಎಂದ ಅವನೇ. ಅವಳು ಇಟ್ಟಳು.

ಈ ಕಥೆಯನ್ನು ಅವನು ನನಗೆ ಹೇಳಿದ್ದು ಹೋದ ತಿಂಗಳು, ಮಾನ್ವಿಯಲ್ಲಿ ಜಹೀರ್ ರಜೆಯಲ್ಲಿದ್ದಾಗ ನಮ್ಮ ಮನೆಯ ಲೈನು ನೋಡಲು ಬಂದ ದಿನ. ಚೀಲ ಇಳಿಸುವ ಮೊದಲೇ ನನ್ನ ಫೋನನ್ನು ಇಸಿದುಕೊಂಡು ಅದರ ನೆತ್ತಿಯನ್ನು ನೋಡಿದ. "ಶುಕ್ರವಾರದ ಮಾತು ಈಗ ಹೆಂಗ ಅದಪ್ಪಾ?" ಎಂದು ಕೇಳಿದೆ.

"ಚಲೋ ಕೇಳ್ತದ ಸರ್. ಐದು ನಿಮಿಷದಾಗ ಮುಗೀತದ."

ಅಷ್ಟರಲ್ಲಿ ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯಿಂದ ಅವನಿಗೆ ಕರೆ ಬಂತು. ಹೊಳೆಯ ದಂಡೆಯ ಮನೆಯೊಂದರಲ್ಲಿ ಲೈನು ನಿಧಾನವಂತೆ. ಅವನು ಆಗಲೇ ಚಹಾ ಬಿಟ್ಟು ಎದ್ದು ಚೀಲವನ್ನು ಹೆಗಲಿಗೇರಿಸುತ್ತಿದ್ದ. "ಬರ್ತೀನ್ರಿ, ಬರ್ತೀನಿ. ನಾ ಬರೂತನಕ ಏನೂ ಕೀಳಬ್ಯಾಡ್ರಿ" ಎಂದು ಆ ಕಡೆಯವರಿಗೆ ಹೇಳಿದ. "ಒಂದು ಕೇಳ್ತೀನಿ, ನಿಮ್ಮ ಮನ್ಯಾಗ ಯಾರದರ ಫೋನಿನ ಮ್ಯಾಲ ಸಣ್ಣ ಕೀಲಿಕೈ ಅದ ಏನು? ಅದ? ಯಾರ ಹಾಕ್ಯಾರ್ರೀ ಅದನ್ನ? ...ಇರಲಿ, ಹಾಕಿದವರಿಗೆ ಒಮ್ಮೆ ಫೋನ್ ಹಚ್ಚಿ ಕೇಳ್ರಿ, ಇನ್ನೂ ಬೇಕೇನಂತ."